ಕೆವಿ ಕ್ಯಾಶ್: ಒಂದು ಟೋಕನ್‌ಗೆ ಅರ್ಧ ಎಂಬಿ

ಪ್ರಶ್ನೆ: 24 ಜಿಬಿ ಜಿಪಿಯು ಮೇಲೆ ಲಾಮಾ 2ರ 7ಬಿ ಮಾಡೆಲ್ ಓಡಿಸುತ್ತಿದ್ದೇನೆ. `use_cache=False` ಇಟ್ಟರೆ ತುಂಬಾ ನಿಧಾನ. `True` ಮಾಡಿದರೆ ವೇಗ ಬರುತ್ತದೆ. ಆದರೆ 6 ಸಂಭಾಷಣೆಗಳನ್ನು ಒಂದೇ ಬ್ಯಾಚ್‌ನಲ್ಲಿ ಕೊಟ್ಟಾಗ ಸ್ವಲ್ಪ ಹೊತ್ತಿಗೆ ಮೆಮೊರಿ ಸಾಲದೆ ನಿಂತುಹೋಗುತ್ತದೆ. ಮಾಡೆಲ್ ಫೈಲ್ ಇರುವುದು 13.5 ಜಿಬಿ ಅಷ್ಟೇ. ಉಳಿದ ಜಾಗ ಎಲ್ಲಿ ಹೋಯ್ತು? ಕ್ಯಾಶ್‌ನಲ್ಲಿರುವ ಹಳೇ ಟೋಕನ್‌ಗಳನ್ನು ತೆಗೆದು ಹಾಕಬಹುದಾ?

ಉತ್ತರ: ಉಳಿದ ಜಾಗವನ್ನೆಲ್ಲ ತಿಂದದ್ದು ಕೆವಿ ಕ್ಯಾಶ್, ಅಂದರೆ ಒಮ್ಮೆ ಮಾಡಿದ ಲೆಕ್ಕ ಮತ್ತೆ ಮಾಡದಿರಲು ಮಾಡೆಲ್ ಉಳಿಸಿಟ್ಟುಕೊಳ್ಳುವ ಹಳೇ ಟೋಕನ್‌ಗಳ ಕೀ ಮತ್ತು ವ್ಯಾಲ್ಯೂಗಳು. ನಿಮ್ಮ ಮಾಡೆಲ್‌ನಲ್ಲಿ ಒಂದೊಂದು ಟೋಕನ್‌ಗೂ ಅದು ಸರಿಯಾಗಿ ಅರ್ಧ ಎಂಬಿ ಹಿಡಿಯುತ್ತದೆ. ಈ ಅರ್ಧ ಎಂಬಿ ಎಲ್ಲಿಂದ ಬಂತು ಅಂತ ಗೊತ್ತಾದರೆ, ನಿಮ್ಮ ಪ್ರೋಗ್ರಾಂ ಎಷ್ಟನೇ ಟೋಕನ್ ಹತ್ತಿರ ಬೀಳುತ್ತದೆ ಅನ್ನುವುದನ್ನು ಓಡಿಸುವ ಮೊದಲೇ ಲೆಕ್ಕ ಹಾಕಬಹುದು. ಮೊದಲು ಅದು ಏನನ್ನು ಇಟ್ಟುಕೊಳ್ಳುತ್ತದೆ ಅಂತ ನೋಡೋಣ.

ಮಾಡೆಲ್ ಒಂದು ಸಲಕ್ಕೆ ಒಂದೇ ಟೋಕನ್ ಬರೆಯುತ್ತದೆ. ಬರೆದದ್ದನ್ನು ಸಾಲಿನ ಕೊನೆಗೆ ಸೇರಿಸಿ ಮುಂದಿನದನ್ನು ಹುಡುಕುತ್ತದೆ. ‘ಮಳೆ ಬಂದು ಕೆರೆ’ ಅಂತ ಇದೆ ಅಂದುಕೊಳ್ಳಿ. ಒಂದು ಪದ ಒಂದು ಟೋಕನ್ ಅಂತಲೇ ಇಟ್ಟುಕೊಳ್ಳೋಣ. ಪ್ರತಿ ಲೇಯರ್‌ನಲ್ಲೂ ಪ್ರತಿ ಟೋಕನ್‌ನಿಂದ ಮೂರು ವೆಕ್ಟರ್ ಹುಟ್ಟುತ್ತವೆ: ಕ್ವೆರಿ, ಕೀ, ವ್ಯಾಲ್ಯೂ. ‘ಕೆರೆ’ಯ ಕ್ವೆರಿ ಹಿಂದಿನ ಎಲ್ಲ ಟೋಕನ್‌ಗಳ ಕೀಗಳ ಜೊತೆಗೆ, ತನ್ನ ಕೀ ಜೊತೆಗೂ, ಹೋಲಿಸಿ ನೋಡುತ್ತದೆ. ಯಾವುದಕ್ಕೆ ಎಷ್ಟು ಗಮನ ಕೊಡಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಅಷ್ಟಷ್ಟು ಪಾಲಿನಲ್ಲಿ ಅವುಗಳ ವ್ಯಾಲ್ಯೂಗಳನ್ನು ಕೂಡಿಸುತ್ತದೆ. ಹೀಗೆ ಎಲ್ಲ ಲೇಯರ್‌ಗಳನ್ನು ದಾಟಿ ಮೇಲೆ ಬಂದಾಗ ‘ತುಂಬಿತು’ ಅಂತ ಉತ್ತರ ಸಿಗುತ್ತದೆ.

ಈಗ ಸಾಲು ‘ಮಳೆ ಬಂದು ಕೆರೆ ತುಂಬಿತು’ ಆಯಿತು. ಕ್ಯಾಶ್ ಇಲ್ಲದಿದ್ದರೆ ಈ ನಾಲ್ಕನ್ನೂ ಮೊದಲಿನಿಂದ ಮತ್ತೆ ಎಲ್ಲ ಲೇಯರ್‌ಗಳಲ್ಲಿ ಓಡಿಸಬೇಕು. ಆದರೆ ‘ಮಳೆ’, ‘ಬಂದು’, ‘ಕೆರೆ’ ಇವುಗಳ ಕೀ, ವ್ಯಾಲ್ಯೂ ಕಳೆದ ಸಲ ಬಂದವೇ ಮತ್ತೆ ಬರುತ್ತವೆ. ಯಾಕೆಂದರೆ ಈ ಮಾಡೆಲ್‌ಗಳಲ್ಲಿ ಪ್ರತಿ ಟೋಕನ್ ಹಿಂದಕ್ಕೆ ಮಾತ್ರ ನೋಡುತ್ತದೆ, ಮುಂದಿನದನ್ನು ನೋಡುವ ಹಾಗಿಲ್ಲ. ‘ಕೆರೆ’ಯ ಎರಡನೇ ಲೇಯರ್‌ನ ಕೀ ಹುಟ್ಟುವುದು ಅದರ ಮೊದಲ ಲೇಯರ್‌ನ ಫಲಿತಾಂಶದಿಂದ. ಆ ಫಲಿತಾಂಶದಲ್ಲಿ ‘ಮಳೆ’, ‘ಬಂದು’, ‘ಕೆರೆ’ ಮಾತ್ರ ಬೆರೆತಿವೆ. ಮೂರನೇ ಲೇಯರ್‌ನಲ್ಲೂ ಅದೇ ಕಥೆ, ಮೂವತ್ತೆರಡನೇ ಲೇಯರ್‌ನಲ್ಲೂ ಅದೇ. ಆದ್ದರಿಂದ ಹೊಸ ಟೋಕನ್ ಎಷ್ಟು ಬಂದರೂ ಹಳೆಯವು ಕದಲುವುದಿಲ್ಲ. ಎರಡೂ ಕಡೆ ನೋಡುವ ಬರ್ಟ್‌ನಂಥ ಮಾಡೆಲ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕೊನೆಗೆ ಒಂದು ಪದ ಸೇರಿಸಿದರೂ ಮೊದಲಿನ ಪದದ ಲೆಕ್ಕ ಬದಲಾಗುತ್ತದೆ.

ಹಾಗಾದರೆ ಕ್ವೆರಿಯನ್ನು ಯಾಕೆ ಇಟ್ಟುಕೊಳ್ಳುವುದಿಲ್ಲ? ಇದನ್ನು ತುಂಬಾ ಜನ ಕೇಳುತ್ತಾರೆ. ‘ಕೆರೆ’ಯ ಕ್ವೆರಿಗೆ ಇರುವುದು ಒಂದೇ ಕೆಲಸ, ‘ಕೆರೆ’ಯ ಸರದಿಯಲ್ಲಿ ಹಿಂದಿನದನ್ನು ಹುಡುಕುವುದು. ಆ ಸರದಿ ಮುಗಿದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಕೀ ಮತ್ತು ವ್ಯಾಲ್ಯೂ ಹಾಗಲ್ಲ. ಮುಂದೆ ಬರುವ ಪ್ರತಿಯೊಂದು ಟೋಕನ್ ಅವನ್ನು ಮತ್ತೆ ಓದುತ್ತದೆ. ಅದಕ್ಕೇ ಆ ಎರಡನ್ನು ಮಾತ್ರ ಜಿಪಿಯು ಮೆಮೊರಿಯಲ್ಲಿ ಉಳಿಸುತ್ತಾರೆ. ಇದರಲ್ಲಿ ಅಂದಾಜು ಅನ್ನುವುದು ಏನೂ ಇಲ್ಲ. ಕ್ಯಾಶ್ ಇದ್ದರೂ ಇಲ್ಲದಿದ್ದರೂ ಲೆಕ್ಕ ಒಂದೇ. 16 ಬಿಟ್‌ನಲ್ಲಿ ಕೂಡುವ ಕ್ರಮ ಬದಲಾಗಿ ದಶಮಾಂಶದ ಕೊನೆಯಲ್ಲಿ ಚೂರು ವ್ಯತ್ಯಾಸ ಬರಬಹುದು, ಅಷ್ಟೇ.

ವೇಗದ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಾಂಪ್ಟ್ 1000 ಟೋಕನ್, ಉತ್ತರ 500 ಟೋಕನ್ ಅಂದುಕೊಳ್ಳಿ. ಕ್ಯಾಶ್ ಇಲ್ಲದೆ ಮೊದಲ ಹೆಜ್ಜೆಗೆ 1000 ಟೋಕನ್ ಓಡಿಸಬೇಕು, ಎರಡನೆಯದಕ್ಕೆ 1001, ಕೊನೆಯದಕ್ಕೆ 1499. ಒಟ್ಟು ಸುಮಾರು 6.25 ಲಕ್ಷ ಟೋಕನ್ ಕೆಲಸ. ಕ್ಯಾಶ್ ಇದ್ದರೆ ಪ್ರಾಂಪ್ಟ್ ಒಮ್ಮೆ ಓಡಿದರೆ ಸಾಕು, ಆಮೇಲೆ ಹೆಜ್ಜೆಗೆ ಒಂದೇ ಟೋಕನ್. ಒಟ್ಟು 1499. ಅಂದರೆ 400 ಪಟ್ಟಿಗಿಂತ ಜಾಸ್ತಿ ಉಳಿತಾಯ.

ಆದರೆ ಗಡಿಯಾರ ಹಿಡಿದು ಅಳೆದರೆ 400 ಪಟ್ಟು ಸಿಗುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳುವುದು ಮುಖ್ಯ. ಸುಮಾರು 674 ಕೋಟಿ ಪ್ಯಾರಾಮೀಟರ್ ಇರುವ ಈ ಮಾಡೆಲ್‌ನಲ್ಲಿ ಒಂದು ಟೋಕನ್‌ಗೆ ಅದರ ಎರಡರಷ್ಟು, ಅಂದರೆ ಸುಮಾರು 1350 ಕೋಟಿ ಗುಣಾಕಾರ ಮತ್ತು ಕೂಡುವಿಕೆ ಬೇಕು. 1250 ಟೋಕನ್‌ಗೆ ಅದು ಹೆಚ್ಚುಕಮ್ಮಿ 17 ಲಕ್ಷ ಕೋಟಿ ಆಗುತ್ತದೆ. ನಿಮ್ಮ ಕಾರ್ಡ್ ಸೆಕೆಂಡಿಗೆ 80 ಲಕ್ಷ ಕೋಟಿ ಲೆಕ್ಕ ಮಾಡುತ್ತದೆ ಅಂತ ಇಟ್ಟುಕೊಂಡರೆ ಒಂದು ಹೆಜ್ಜೆಗೆ 0.2 ಸೆಕೆಂಡ್ ಬೇಕು. 500 ಹೆಜ್ಜೆಗೆ 100 ಸೆಕೆಂಡ್ ದಾಟುತ್ತದೆ.

ಕ್ಯಾಶ್ ಇದ್ದಾಗ ಹೆಜ್ಜೆಗೆ 1350 ಕೋಟಿ ಲೆಕ್ಕ ಮಾತ್ರ. ಜಿಪಿಯುಗೆ ಅದು ಕಣ್ಣು ಮಿಟುಕಿಸುವ ಮೊದಲೇ ಮುಗಿಯುವ ಕೆಲಸ. ಆದರೆ ಆ ಒಂದು ಟೋಕನ್‌ಗೋಸ್ಕರವೂ 13.5 ಜಿಬಿ ತೂಕಗಳನ್ನೆಲ್ಲ, ಅಂದರೆ ಆ ಪ್ಯಾರಾಮೀಟರ್‌ಗಳನ್ನೆಲ್ಲ, ಮೆಮೊರಿಯಿಂದ ಒಮ್ಮೆ ಓದಲೇಬೇಕು. ಸೆಕೆಂಡಿಗೆ ಸುಮಾರು 1000 ಜಿಬಿ ಓದುವ ಕಾರ್ಡ್ ಆದರೆ ಅದಕ್ಕೇ 13-14 ಮಿಲಿಸೆಕೆಂಡ್ ಹೋಗುತ್ತದೆ. 500 ಹೆಜ್ಜೆಗೆ ಸುಮಾರು 7 ಸೆಕೆಂಡ್. ಅಂದರೆ ನಿಜವಾದ ಲಾಭ ಸುಮಾರು 15 ಪಟ್ಟು. ಉತ್ತರ ಉದ್ದವಾದಷ್ಟೂ ಇದು ಏರುತ್ತದೆ. ಕ್ಯಾಶ್ ಬಂದ ಮೇಲೆ ಅಡ್ಡಿಯ ಜಾಗವೇ ಬದಲಾಯಿತು ನೋಡಿ. ಮೊದಲು ಲೆಕ್ಕ ಮಾಡುವುದು ಭಾರವಾಗಿತ್ತು. ಈಗ ಮೆಮೊರಿಯಿಂದ ಓದುವುದು ಭಾರ.

ಇದು ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ಒಂದೊಂದು ಟೋಕನ್‌ಗೆ ಹಿಡಿದ ಸಮಯ ಬರೆದಿಡಿ. ಮೊದಲ ಟೋಕನ್ ನಿಧಾನವಾಗಿ ಬಂದು, ಉಳಿದವು ಹೆಚ್ಚುಕಮ್ಮಿ ಒಂದೇ ಸಮನೆ ಬಂದರೆ ಕ್ಯಾಶ್ ಕೆಲಸ ಮಾಡುತ್ತಿದೆ. ಪ್ರತಿ ಟೋಕನ್‌ಗೂ ಸಮಯ ಏರುತ್ತಲೇ ಹೋದರೆ ಎಲ್ಲೋ ಅದು ಆಫ್ ಆಗಿದೆ. ತರಬೇತಿ ಕೊಡುವಾಗ ಗ್ರೇಡಿಯೆಂಟ್ ಚೆಕ್‌ಪಾಯಿಂಟಿಂಗ್‌ಗಾಗಿ `use_cache=False` ಮಾಡಿ, ಅದೇ ಸೆಟ್ಟಿಂಗ್ ಮಾಡೆಲ್ ಜೊತೆ ಸೇವ್ ಆಗಿ, ಬಳಕೆಗೆ ಬಂದ ಮೇಲೂ ಹಾಗೇ ಉಳಿದುಬಿಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಈಗ ಜಾಗದ ವಿಷಯ. ನಿಮ್ಮ ಮಾಡೆಲ್‌ನ `config.json` ತೆರೆಯಿರಿ. `num_hidden_layers` 32. `num_attention_heads` ಕೂಡ 32, ಅಂದರೆ ಪ್ರತಿ ಲೇಯರ್‌ನ ಗಮನದ ಲೆಕ್ಕ 32 ಹೆಡ್‌ಗಳಲ್ಲಿ ಬೇರೆ ಬೇರೆಯಾಗಿ ನಡೆಯುತ್ತದೆ. `hidden_size` 4096. ಅಂದರೆ ಒಂದು ಹೆಡ್‌ನ ಉದ್ದ 4096ನ್ನು 32ರಿಂದ ಭಾಗಿಸಿದರೆ ಬರುವ 128. ಪ್ರತಿ ಲೇಯರ್‌ನ ಪ್ರತಿ ಹೆಡ್‌ನಲ್ಲೂ ಒಂದು ಟೋಕನ್‌ಗೆ 128 ಸಂಖ್ಯೆಯ ಒಂದು ಕೀ, 128 ಸಂಖ್ಯೆಯ ಒಂದು ವ್ಯಾಲ್ಯೂ. ಒಂದು ಸಂಖ್ಯೆಗೆ 16 ಬಿಟ್, ಅಂದರೆ 2 ಬೈಟ್.

```python
def kv_bytes(layers, kv_heads, head_dim, tokens, batch=1, nbytes=2):
    return 2 * layers * kv_heads * head_dim * tokens * batch * nbytes

print(kv_bytes(32, 32, 128, 1))                 # 524288
print(kv_bytes(32, 32, 128, 4096, 6) / 2**30)   # 12.0
```

ಶುರುವಿನ 2 ಬಂದದ್ದು ಕೀ ಒಂದು, ವ್ಯಾಲ್ಯೂ ಒಂದು ಅಂತ. ಒಂದು ಟೋಕನ್‌ಗೆ 5,24,288 ಬೈಟ್. ಅದೇ ನಾನು ಹೇಳಿದ ಅರ್ಧ ಎಂಬಿ. ಲಾಮಾ 2ರ ಪೂರ್ತಿ ಉದ್ದ 4096 ಟೋಕನ್. ಅಲ್ಲಿಗೆ ಒಂದು ಸಂಭಾಷಣೆಗೆ 2 ಜಿಬಿ. ಆರಕ್ಕೆ 12 ಜಿಬಿ.

ನಿಮ್ಮ ಕಾರ್ಡ್‌ನಲ್ಲಿ 24 ಜಿಬಿ ಇದೆ. ಫೈಲ್‌ನ 13.5 ಜಿಬಿ ಅನ್ನುವುದು ಸಾವಿರದ ಲೆಕ್ಕ. ಕಾರ್ಡ್‌ನ 24 ಜಿಬಿ 1024ರ ಲೆಕ್ಕ. ಆ ಲೆಕ್ಕದಲ್ಲಿ ತೂಕಗಳು 12.6 ಜಿಬಿ ಆಗುತ್ತವೆ. ಉಳಿಯುವುದು 11.4. ಬೇಕಾದದ್ದು 12. ಬೇರೇನೂ ಇಲ್ಲದಿದ್ದರೂ ಹಿಡಿಸುವುದಿಲ್ಲ. ಕುಡಾ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದು, ಲೆಕ್ಕದ ಮಧ್ಯೆ ಬೇಕಾಗುವ ತಾತ್ಕಾಲಿಕ ಜಾಗ ಇವೆಲ್ಲಕ್ಕೆ 1 ಜಿಬಿ ಅಂತ ಬಿಟ್ಟರೆ 10.4 ಜಿಬಿ ಕ್ಯಾಶ್‌ಗೆ. ಆರು ಸಂಭಾಷಣೆ ಒಟ್ಟಿಗೆ ಸಾಗುವಾಗ ಒಂದು ಹೆಜ್ಜೆಗೆ 3 ಎಂಬಿ ಏರುತ್ತದೆ. ಭಾಗಿಸಿ ನೋಡಿ, ಸುಮಾರು 3500ನೇ ಟೋಕನ್ ಹತ್ತಿರ ನಿಮ್ಮ ಪ್ರೋಗ್ರಾಂ ಬೀಳಬೇಕು. ಅದಕ್ಕೆ ಮೊದಲೇ ಬಿದ್ದರೂ ಆಶ್ಚರ್ಯವಿಲ್ಲ. ಪ್ರತಿ ಹೆಜ್ಜೆಗೂ ಹಳೇ ಕ್ಯಾಶ್‌ಗೆ ಹೊಸದನ್ನು ಅಂಟಿಸಲು `torch.cat` ಬಳಸಿದರೆ, ಹೊಸ ಜಾಗ ತೆಗೆದುಕೊಂಡು ಎಲ್ಲವನ್ನೂ ಅಲ್ಲಿಗೆ ನಕಲು ಮಾಡಬೇಕಾಗುತ್ತದೆ. ಆ ಕ್ಷಣದಲ್ಲಿ ಒಂದು ಲೇಯರ್‌ನ ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ಮೆಮೊರಿ ಚೂರು ಚೂರಾಗಿ ಒಡೆದು, ಒಟ್ಟು ಜಾಗ ಇದ್ದರೂ ಒಂದೇ ಕಡೆ ಸಾಕಷ್ಟು ಸಿಗದೆ ಹೋಗುತ್ತದೆ.

ಇನ್ನೊಂದು ಸೋರಿಕೆ ಬ್ಯಾಚ್‌ನಲ್ಲೇ ಇದೆ. ಆರರಲ್ಲಿ ಒಂದು ಸಂಭಾಷಣೆ 3000 ಟೋಕನ್, ಉಳಿದ ಐದು ಬರೀ 300 ಅಂದುಕೊಳ್ಳಿ. ಸಾದಾ ಬ್ಯಾಚ್‌ನಲ್ಲಿ ಎಲ್ಲವನ್ನೂ ಒಂದೇ ಉದ್ದಕ್ಕೆ ತರಲು ಚಿಕ್ಕವಕ್ಕೆ ಖಾಲಿ ಟೋಕನ್ ತುಂಬುತ್ತಾರೆ. ಆ ಖಾಲಿ ಟೋಕನ್‌ಗೂ ಅರ್ಧ ಎಂಬಿ ಹೋಗುತ್ತದೆ. ಬೇಕಾದದ್ದು 4500 ಟೋಕನ್ ಜಾಗ, ಹಿಡಿದದ್ದು 18,000 ಟೋಕನ್ ಜಾಗ. ಮಾಡೆಲ್ ಓಡಿಸುವ ಸಾಫ್ಟ್‌ವೇರ್ ಆದ ವಿಎಲ್‌ಎಲ್‌ಎಂನ ತಂಡ 2023ರಲ್ಲಿ ಪೇಜ್ಡ್ ಅಟೆನ್ಶನ್ ತಂದದ್ದು ಇಂಥದ್ದಕ್ಕೇ. ಆಗಿನ ವ್ಯವಸ್ಥೆಗಳಲ್ಲಿ ಕ್ಯಾಶ್‌ಗೆ ಹಿಡಿದಿಟ್ಟ ಜಾಗದಲ್ಲಿ ನಿಜವಾದ ಟೋಕನ್‌ಗಳು ಇದ್ದದ್ದು ಶೇ 20.4ರಿಂದ 38.2ರಷ್ಟು ಮಾತ್ರ ಅಂತ ಅವರ ಲೇಖನ ತೋರಿಸಿತು. ಅವರು ಕ್ಯಾಶ್ ಅನ್ನು ಸಣ್ಣ ಬ್ಲಾಕ್‌ಗಳಾಗಿ ಒಡೆದರು, ಸಾಮಾನ್ಯವಾಗಿ ಬ್ಲಾಕ್‌ಗೆ 16 ಟೋಕನ್. ಬೇಕಾದಾಗ ಒಂದೊಂದೇ ಬ್ಲಾಕ್ ಕೊಡುತ್ತಾರೆ, ಅವು ಒಂದರ ಪಕ್ಕ ಒಂದು ಇರಬೇಕಾಗಿಲ್ಲ. ಒಂದು ಸಂಭಾಷಣೆಯಲ್ಲಿ ಹಾಳಾಗುವುದು ಹೆಚ್ಚೆಂದರೆ ಕೊನೆಯ ಬ್ಲಾಕ್‌ನ 15 ಟೋಕನ್ ಜಾಗ. ಬ್ಯಾಚ್‌ನಲ್ಲಿ ಹಲವರಿಗೆ ಉತ್ತರ ಕೊಡುವ ಕೆಲಸವಿದ್ದರೆ ವಿಎಲ್‌ಎಲ್‌ಎಂಗೆ ಬದಲಾಯಿಸಿಕೊಳ್ಳಿ ಅಂತಲೇ ನನ್ನ ಸಲಹೆ. ಒಂದು ಎಚ್ಚರ ಬೇಕು: ಇದು ಶುರುವಿನಲ್ಲೇ ಕಾರ್ಡ್‌ನ ಬಹುಪಾಲು ಮೆಮೊರಿಯನ್ನು ತನ್ನದಾಗಿ ಹಿಡಿದುಕೊಳ್ಳುತ್ತದೆ. `nvidia-smi` ನೋಡಿ ‘ಯಾರೂ ಬಳಸದೇ ಇದ್ದರೂ ತುಂಬಿಹೋಗಿದೆ’ ಅಂತ ಗಾಬರಿ ಆಗಬೇಡಿ.

ಒಂದು ವಿಷಯ ಸೇರಿಸಬೇಕು. ಕ್ಯಾಶ್ ಜಾಗವನ್ನಷ್ಟೇ ಅಲ್ಲ, ಸಮಯವನ್ನೂ ಕೇಳುತ್ತದೆ. ಬ್ಯಾಚ್‌ನಲ್ಲಿ ತೂಕಗಳನ್ನು ಒಮ್ಮೆ ಓದಿದರೆ ಆರಕ್ಕೂ ಆಯಿತು. ಕ್ಯಾಶ್ ಹಾಗಲ್ಲ, ಅವರವರದು ಅವರವರಿಗೆ. ಆರೂ ಪೂರ್ತಿ ಉದ್ದಕ್ಕೆ ಬಂದಾಗ ಹೆಜ್ಜೆಗೆ 12 ಜಿಬಿ ಕ್ಯಾಶ್ ಓದಬೇಕು, ಅದು ತೂಕಗಳಷ್ಟೇ ಆಯಿತು. ಜಾಗ ಇದ್ದಿದ್ದರೂ ಹೆಜ್ಜೆಯ ಸಮಯ ಎರಡರಷ್ಟಾಗುತ್ತಿತ್ತು.

ಕಡಿಮೆ ಮಾಡುವುದು ಹೇಗೆ? ಮೊದಲು ಒಂದು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳೋಣ. ತೂಕಗಳನ್ನು 4 ಬಿಟ್‌ಗೆ ಇಳಿಸಿದರೆ ಕ್ಯಾಶ್ ಚಿಕ್ಕದಾಗುವುದಿಲ್ಲ. ಕೀ, ವ್ಯಾಲ್ಯೂ ಆಗಲೂ 16 ಬಿಟ್‌ನಲ್ಲೇ ಇರುತ್ತವೆ, ಟೋಕನ್‌ಗೆ ಅದೇ ಅರ್ಧ ಎಂಬಿ. ಆದರೆ ತೂಕಗಳು 4 ಜಿಬಿ ಆಸುಪಾಸಿಗೆ ಬರುವುದರಿಂದ ಕ್ಯಾಶ್‌ಗೆ ಜಾಗ ಜಾಸ್ತಿ ಉಳಿಯುತ್ತದೆ. ಆಗ ನಿಮ್ಮ ಆರು ಸಂಭಾಷಣೆ ಆರಾಮವಾಗಿ ಹಿಡಿಯುತ್ತವೆ. ಕ್ಯಾಶ್ ಅನ್ನೇ 8 ಬಿಟ್‌ಗೆ ಇಳಿಸುವುದು ಬೇರೆ ಸೆಟ್ಟಿಂಗ್. ಅದರಿಂದ ಟೋಕನ್‌ಗೆ ಕಾಲು ಎಂಬಿ ಆಗುತ್ತದೆ. ಅಲ್ಲಿ ಲೆಕ್ಕ ಸ್ವಲ್ಪ ಬದಲಾಗುವುದರಿಂದ ನಿಮ್ಮದೇ ಪ್ರಶ್ನೆಗಳನ್ನು ಕೊಟ್ಟು ಉತ್ತರ ಹೋಲಿಸಿ ನೋಡಿ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಮಾಡೆಲ್‌ನ ಕಟ್ಟಣೆಯಲ್ಲೇ ಇದೆ. 32 ಕ್ವೆರಿ ಹೆಡ್‌ಗೂ ಬೇರೆ ಬೇರೆ ಕೀ, ವ್ಯಾಲ್ಯೂ ಬೇಕೇ ಬೇಕಾ? ಎಲ್ಲ ಹೆಡ್‌ಗೂ ಒಂದೇ ಜೊತೆ ಸಾಕು ಅಂತ ನೋಮ್ ಶಝೀರ್ 2019ರಲ್ಲೇ ಪ್ರಯತ್ನಿಸಿ ತೋರಿಸಿದರು. 2023ರಲ್ಲಿ ನಡುವಿನ ದಾರಿ ಬಂತು. ಕ್ವೆರಿ ಹೆಡ್‌ಗಳನ್ನು ಗುಂಪು ಮಾಡಿ ಗುಂಪಿಗೊಂದು ಕೀ-ವ್ಯಾಲ್ಯೂ ಕೊಡುವುದು. ಇದನ್ನು ಗ್ರೂಪ್ಡ್ ಕ್ವೆರಿ ಅಟೆನ್ಶನ್ ಅನ್ನುತ್ತಾರೆ. ನಿಮ್ಮ ಲಾಮಾ 2 7ಬಿಯಲ್ಲಿ ಇದಿಲ್ಲ. ಅದೇ ಕುಟುಂಬದ 70ಬಿಯಲ್ಲಿದೆ: 80 ಲೇಯರ್, ಆದರೆ ಕೀ-ವ್ಯಾಲ್ಯೂ ಹೆಡ್ ಎಂಟೇ. ಮೇಲಿನ ಸೂತ್ರಕ್ಕೆ ಹಾಕಿ ನೋಡಿ, ಟೋಕನ್‌ಗೆ 320 ಕೆಬಿ ಬರುತ್ತದೆ. ಹತ್ತು ಪಟ್ಟು ದೊಡ್ಡ ಮಾಡೆಲ್‌ನ ಕ್ಯಾಶ್ ನಿಮ್ಮ ಚಿಕ್ಕ ಮಾಡೆಲ್‌ನ 512 ಕೆಬಿಗಿಂತ ಕಡಿಮೆ! ಮಾಡೆಲ್ ದೊಡ್ಡದಾದರೆ ಕ್ಯಾಶ್ ಕೂಡ ದೊಡ್ಡದು ಅಂತ ಸುಮ್ನೆ ಊಹಿಸಬಾರದು ಅನ್ನುವುದು ಇದಕ್ಕೇ. ಲಾಮಾ 3ರ 8ಬಿಯಲ್ಲಿ 32 ಲೇಯರ್, 8 ಕೀ-ವ್ಯಾಲ್ಯೂ ಹೆಡ್. ಟೋಕನ್‌ಗೆ 128 ಕೆಬಿ, ನಿಮ್ಮದರ ಕಾಲು ಭಾಗ. ಅದರ ತೂಕಗಳು ಸುಮಾರು 15 ಜಿಬಿ, ಆರು ಸಂಭಾಷಣೆಗೆ 4096 ಟೋಕನ್ ಆದರೂ ಕ್ಯಾಶ್ 3 ಜಿಬಿ. 24ರೊಳಗೆ ಚೆನ್ನಾಗಿ ಕೂರುತ್ತದೆ. `config.json`ನಲ್ಲಿ `num_key_value_heads` ಅಂತ ಇದ್ದರೆ ಸೂತ್ರಕ್ಕೆ ಆ ಸಂಖ್ಯೆ ಹಾಕಿ. ಇಲ್ಲದಿದ್ದರೆ `num_attention_heads`ನದ್ದೇ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ಹಳೇ ಟೋಕನ್‌ಗಳನ್ನು ಕ್ಯಾಶ್‌ನಿಂದ ತೆಗೆಯಬಹುದಾ? ತೆಗೆಯಬಹುದು, ಆದರೆ ಶುರುವಿನಿಂದ ಹಾಗೇ ಕತ್ತರಿಸಿದರೆ ಮಾಡೆಲ್ ಹಳಿ ತಪ್ಪುತ್ತದೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಕ್ಯಾಶ್ ತುಂಬಿದ ಕೂಡಲೇ ಮೊದಲ ಸಾವಿರ ಟೋಕನ್ ಕಿತ್ತುಹಾಕುವ ಕೋಡ್ ಬರೆದೆ. ಮೆಮೊರಿ ಸರಿಹೋಯಿತು. ಉತ್ತರ ಮಾತ್ರ ಅರ್ಥವಿಲ್ಲದ ಪದಗಳ ಸಾಲಾಯಿತು. ಅರ್ಧ ದಿನ ನಾನು ಹುಡುಕಿದ್ದು ನನ್ನ ಇಂಡೆಕ್ಸ್ ತಪ್ಪನ್ನು. ಇಂಡೆಕ್ಸ್ ಸರಿಯಾಗೇ ಇತ್ತು. ಈ ಮಾಡೆಲ್‌ಗಳು ಸಾಲಿನ ಮೊಟ್ಟಮೊದಲ ಕೆಲವು ಟೋಕನ್‌ಗಳಿಗೆ ವಿಪರೀತ ಗಮನ ಕೊಡುತ್ತವೆ, ಅವುಗಳ ಅರ್ಥ ಏನೇ ಇರಲಿ. ಗಮನದ ಪಾಲುಗಳೆಲ್ಲ ಕೂಡಿ 1 ಆಗಬೇಕಲ್ವಾ? ಎಲ್ಲೂ ಬೇಡವಾದ ಪಾಲನ್ನು ಅಲ್ಲಿ ಸುರಿಯುತ್ತವೆ. ಅವನ್ನು ಕಿತ್ತರೆ ಆ ಪಾಲು ಬೇರೆ ಟೋಕನ್‌ಗಳ ಮೇಲೆ ಬಿದ್ದು ಲೆಕ್ಕ ಕೆಡುತ್ತದೆ. 2023ರಲ್ಲಿ ಬಂದ ಸ್ಟ್ರೀಮಿಂಗ್‌ಎಲ್‌ಎಲ್‌ಎಂ ಕೆಲಸ ಇದನ್ನು ಗುರುತಿಸಿ, ಮೊದಲ 4 ಟೋಕನ್ ಮತ್ತು ಇತ್ತೀಚಿನ ಟೋಕನ್‌ಗಳನ್ನು ಉಳಿಸಿಕೊಂಡರೆ ಮಾಡೆಲ್ ಸ್ಥಿರವಾಗಿ ಬರೆಯುತ್ತದೆ ಅಂತ ತೋರಿಸಿತು. ಅದರಲ್ಲೂ ಕೀಗಳ ಸ್ಥಾನವನ್ನು ಹೊಸದಾಗಿ ಎಣಿಸಬೇಕು. ಹಗ್ಗಿಂಗ್ ಫೇಸ್‌ನ ಲಾಮಾ ಕೋಡ್‌ನಲ್ಲಿ ಕೀ ಕ್ಯಾಶ್‌ಗೆ ಹೋಗುವ ಮೊದಲೇ ಅದರ ಸ್ಥಾನವನ್ನು ಸೂಚಿಸುವ ತಿರುವು ಸೇರಿರುತ್ತದೆ, ಹಾಗಾಗಿ ಅದನ್ನು ಬಿಡಿಸಿ ಮತ್ತೆ ಹಾಕಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ನಡುವೆ ತೆಗೆದ ಮಾತು ಮಾಡೆಲ್‌ಗೆ ನೇರವಾಗಿ ಕಾಣುವುದಿಲ್ಲ.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಸರಳ ದಾರಿ ಇದೆ. ಸಂಭಾಷಣೆ 3000 ಟೋಕನ್ ದಾಟಿದಾಗ ಹಳೇ ಮಾತುಗಳನ್ನು ಪಠ್ಯದಲ್ಲೇ ತೆಗೆದುಬಿಡಿ. ಆ ಸಂಭಾಷಣೆಯ ಕ್ಯಾಶ್ ಪೂರ್ತಿ ಬಿಸಾಡಿ. ಉಳಿದ ಪಠ್ಯವನ್ನು ಹೊಸ ಪ್ರಾಂಪ್ಟ್ ತರಹ ಒಮ್ಮೆ ಓಡಿಸಿ. ಪ್ರಾಂಪ್ಟ್‌ನ ಟೋಕನ್‌ಗಳು ಒಟ್ಟಿಗೆ ಓಡುವುದರಿಂದ, ಮೇಲಿನ ಕಾರ್ಡ್‌ನಲ್ಲಿ 1500 ಟೋಕನ್‌ಗೆ ಕಾಲು ಸೆಕೆಂಡ್ ಸಾಕು. ಅಷ್ಟು ಅಗ್ಗದ ಕೆಲಸಕ್ಕೆ ಕ್ಯಾಶ್‌ಗೆ ಕತ್ತರಿ ಹಾಕುವ ಅಪಾಯ ಬೇಡ.

ಬದಲಾಯಿಸುವ ಮುಂಚೆ `torch.cuda.memory_allocated()` ಅನ್ನು ಪ್ರತಿ 100 ಟೋಕನ್‌ಗೆ ಒಮ್ಮೆ ಬರೆಸಿ. ಆರರ ಬ್ಯಾಚ್‌ನಲ್ಲಿ ಅದು ಸುಮಾರು 300 ಎಂಬಿ ಏರಬೇಕು. ಅಷ್ಟೇ ಏರಿದರೆ ನಿಮ್ಮ ಸಮಸ್ಯೆ ನಾನು ಹೇಳಿದ್ದೇ. ಅದಕ್ಕಿಂತ ಜಾಸ್ತಿ ಏರಿದರೆ, ಅಥವಾ ಸಂಭಾಷಣೆ ಮುಗಿದ ಮೇಲೂ ಇಳಿಯದಿದ್ದರೆ, ನಿಮ್ಮ ಕೋಡ್‌ನಲ್ಲಿ ಯಾವುದೋ ವೇರಿಯಬಲ್ ಹಳೇ `past_key_values` ಹಿಡಿದುಕೊಂಡು ಕೂತಿದೆ. ಮೊದಲು ಅದನ್ನು ಹುಡುಕಿ.